1909ಕ್ಕೆ ದೂರು ಕೊಟ್ಟರೆ ‘ಅಂಥ ಕರೆ ಬಂದೇ ಇಲ್ಲ’ ಅಂತಾರೆ. ಯಾರಿಗಾದ್ರೂ ಹೀಗಾಗಿದೆಯಾ?

ಗಂಜ್ ಅಡತಿ, ಕಲಬುರಗಿ · ಗುರುವಾರ ಸಂಜೆ

ಗಂಜಿನಲ್ಲಿ ನಮ್ಮದು ಅಡತಿ ಅಂಗಡಿ. ಈಗ ತೊಗರಿ ಸೀಸನ್. ದಿನಕ್ಕೆ ಎಷ್ಟೋ ರೈತರು ಹೊಸ ಹೊಸ ನಂಬರಿನಿಂದ ಫೋನ್ ಮಾಡಿ ‘ಇವತ್ತು ರೇಟ್ ಏನು’ ಅಂತ ಕೇಳುತ್ತಾರೆ. ಗೊತ್ತಿಲ್ಲದ ನಂಬರ್ ಎತ್ತಲ್ಲ ಅಂದರೆ ನನ್ನ ವ್ಯಾಪಾರ ನಡೆಯಲ್ಲ. ಅದರ ನಡುವೆ ಪ್ಲಾಟ್ ಮಾರುವವನೊಬ್ಬ ಗಂಟು ಬಿದ್ದಿದ್ದಾನೆ. ಹಿಂದಿಯಲ್ಲಿ ಶುರು ಮಾಡ್ತಾನೆ, ನಾನು ಕನ್ನಡದಲ್ಲಿ ಬೈದರೆ ಕನ್ನಡಕ್ಕೆ ಬರ್ತಾನೆ. ಅವನ ನಂಬರ್ ಬ್ಲಾಕ್ ಮಾಡಿದರೆ ಮರುದಿನ ಬೇರೆ ನಂಬರ್. ನನ್ನ ಫೋನಿನ ಬ್ಲಾಕ್ ಲಿಸ್ಟ್ ನಮ್ಮ ಖಾತೆ ಪುಸ್ತಕಕ್ಕಿಂತ ಉದ್ದ ಆಗಿದೆ.

ಮಗಳು ಹೇಳಿದಳು ಅಂತ 1909ಕ್ಕೆ ಮೆಸೇಜ್ ಹಾಕಿ ದೂರು ಕೊಟ್ಟೆ. ಸೋಮವಾರ, 8ನೇ ತಾರೀಖು ಮಧ್ಯಾಹ್ನ ಬಂದ ಕರೆ ಅದು. ದೂರಿನ ನಂಬರ್ ಕೂಡ ಬಂತು. ಇವತ್ತು ನೋಡಿದರೆ ‘ಈ ನಂಬರಿನಿಂದ ನಿಮಗೆ ಕರೆ ಬಂದ ದಾಖಲೆ ಸಿಗಲಿಲ್ಲ’ ಅಂತ ಮುಚ್ಚಿಬಿಟ್ಟಿದ್ದಾರೆ. ಕಾಲ್ ಲಾಗ್ ನನ್ನ ಕಣ್ಣ ಮುಂದಿದೆ! ಎರಡು ನಿಮಿಷ ಹನ್ನೊಂದು ಸೆಕೆಂಡ್ ಮಾತಾಡಿದ್ದೇನೆ. ಕಂಪನಿಯವರು ಸುಳ್ಳು ಹೇಳ್ತಾರೆ ಅಲ್ವಾ?

ಮೊಬೈಲ್ ಡಾಕ್ಟರ್, ಹುಮನಾಬಾದ್ · ಗುರುವಾರ ಸಂಜೆ

ಅಣ್ಣಾ, ಮೊದಲು ಡಿಎನ್‌ಡಿ ಹಾಕಿಸಿದ್ದೀರಾ? ಅದಿಲ್ಲದೆ ದೂರು ನಡೆಯಲ್ಲ. `START 0` ಅಂತ ಟೈಪ್ ಮಾಡಿ 1909ಕ್ಕೆ ಕಳಿಸಿ. ಎಲ್ಲಾ ಕರೆ ಬಂದ್. ಆದರೆ ಹುಷಾರು, ಬ್ಯಾಂಕಿನ ಓಟಿಪಿ ಕೂಡ ನಿಂತು ಹೋಗುತ್ತೆ. ಅದಕ್ಕೇ ನಾನು ಗಿರಾಕಿಗಳಿಗೆ ಟ್ರೂಕಾಲರ್ ಹಾಕಿಕೊಡ್ತೀನಿ. ಕೆಂಪು ಬಂದರೆ ಎತ್ತಬೇಡಿ, ಮುಗೀತು.

ಹಳೇ ಲೈನ್‌ಮನ್, ಬೀದರ್ · ಗುರುವಾರ ರಾತ್ರಿ

ಅಡತಿ ಸಾಹೇಬ್ರೆ, ಎರಡು ಪ್ರಶ್ನೆ. ಆ ಪ್ಲಾಟಿನವನ ನಂಬರ್ 140ರಿಂದ ಶುರುವಾಗುತ್ತಾ, ಇಲ್ಲಾ ನಮ್ಮ ನಿಮ್ಮ ಹಾಗೆ ಮಾಮೂಲಿ ಮೊಬೈಲ್ ನಂಬರಾ? ನಿಮ್ಮ ಫೋನಿನಲ್ಲಿ ಸಿಮ್ ಒಂದಾ ಎರಡಾ?

ನಾನು ಒಂದು ಟೆಲಿಕಾಂ ಕಂಪನಿಯ ದೂರು ವಿಭಾಗದಲ್ಲಿ ವರ್ಷಗಟ್ಟಲೆ ಕೂತು ನಿವೃತ್ತಿ ಆದವನು. ಹೆಸರಿಗೆ ಲೈನ್‌ಮನ್, ಕಂಬ ಹತ್ತಿದ್ದು ಕಮ್ಮಿ. ‘ದಾಖಲೆ ಇಲ್ಲ’ ಅನ್ನೋ ಉತ್ತರ ನೋಡಿದ ಕೂಡಲೇ ನನಗೆ ಒಂದು ಅನುಮಾನ ಬಂತು.

ಗಂಜ್ ಅಡತಿ, ಕಲಬುರಗಿ · ಗುರುವಾರ ರಾತ್ರಿ

ಮಾಮೂಲಿ ಹತ್ತಂಕಿ ನಂಬರ್ ಸರ್, 7ರಿಂದ ಶುರು. ಸಿಮ್ ಎರಡಿವೆ. ಹಳೇದು ಅಂಗಡಿ ಬೋರ್ಡಿನ ಮೇಲಿರುವ ನಂಬರ್. ಎರಡನೇದು ಇಂಟರ್ನೆಟ್‌ಗೆ, ಫೋನ್‌ಪೇಗೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಹಳೇ ಲೈನ್‌ಮನ್, ಬೀದರ್ · ಗುರುವಾರ ರಾತ್ರಿ

ಅಲ್ಲೇ ಇದೆ ಗುಟ್ಟು.

ನೀವು ದೂರು ಕೊಟ್ಟಾಗ ಅದು ಮೊದಲು ಹೋಗುವುದು ನಿಮ್ಮ ಕಂಪನಿಗೆ, ಆ ಪ್ಲಾಟಿನವನ ಕಂಪನಿಗಲ್ಲ. ನಿಮ್ಮ ಕಂಪನಿ ಮಾಡುವ ಮೊದಲ ಕೆಲಸ ಒಂದೇ. ಯಾವ ನಂಬರಿನಿಂದ ದೂರು ಬಂತೋ ಆ ನಂಬರಿನ ಕಾಲ್ ರೆಕಾರ್ಡ್ ತೆಗೆದು, ನೀವು ಹೇಳಿದ ತಾರೀಖಿನಲ್ಲಿ ಅಂಥ ಕರೆ ಬಂದಿತ್ತಾ ಅಂತ ನೋಡುವುದು. ಸಿಕ್ಕರೆ ದೂರು ಕರೆ ಮಾಡಿದವನ ಕಂಪನಿಗೆ ಹೋಗುತ್ತದೆ. ಸಿಗದಿದ್ದರೆ ಅಲ್ಲೇ ಮುಗೀತು.

ಈಗ ಯೋಚನೆ ಮಾಡಿ. ಪ್ಲಾಟಿನವನಿಗೆ ನಿಮ್ಮ ನಂಬರ್ ಸಿಕ್ಕಿದ್ದು ಬಹುಶಃ ಬೋರ್ಡಿನಿಂದ. ಕರೆ ಬಂದದ್ದು ಹಳೇ ಸಿಮ್ಮಿಗೆ. ನಿಮ್ಮ ಮೆಸೇಜ್ ಹೋಗಿದ್ದು ಯಾವ ಸಿಮ್ಮಿನಿಂದ? ಕಾಲ್ ಲಾಗಿನಲ್ಲಿ ಆ ಕರೆಯ ಪಕ್ಕ ಸಣ್ಣದಾಗಿ 1 ಅಥವಾ 2 ಅಂತ ಗುರುತು ಇರುತ್ತದೆ. ಮೆಸೇಜಿನ ಪಕ್ಕವೂ ಇರುತ್ತದೆ. ಎರಡನ್ನೂ ನೋಡಿ ಹೇಳಿ.

ಗಂಜ್ ಅಡತಿ, ಕಲಬುರಗಿ · ಗುರುವಾರ ರಾತ್ರಿ

ಯಪ್ಪಾ! ಕರೆ 1, ಮೆಸೇಜ್ 2.

ಕಂಪನಿಯವರಿಗೆ ಸುಮ್ನೆ ಬೈದೆ. ಈಗ ಮತ್ತೆ ಕೊಡಬಹುದಾ? ಮೂರು ದಿನ ಆಗಿದೆ.

ಹಳೇ ಲೈನ್‌ಮನ್, ಬೀದರ್ · ಗುರುವಾರ ರಾತ್ರಿ

ಕೊಡಬಹುದು. ಮೊದಲು ಮೂರೇ ದಿನ ಇತ್ತು. 2025ರ ಫೆಬ್ರವರಿಯಲ್ಲಿ ಟ್ರಾಯ್ ನಿಯಮ ತಿದ್ದಿದಾಗ ಏಳು ದಿನ ಮಾಡಿದರು. ಕರೆ ಬಂದ ಸಿಮ್ ಆರಿಸಿ, ಹೀಗೆ ಬರೆದು 1909ಕ್ಕೆ ಕಳಿಸಿ:

```
Plot sale call, 7XXXXXXXXX, 08/12/25
```

ಮೊದಲು ಏನು ಕರೆ ಅಂತ ಎರಡು ಮಾತು, ಆಮೇಲೆ ಅವನ ಪೂರ್ತಿ ನಂಬರ್, ಆಮೇಲೆ ತಾರೀಖು. ನಡುವೆ ಕಾಮಾ ಮರೀಬೇಡಿ. ತಾರೀಖು ಕರೆ ಬಂದ ದಿನದ್ದು, ದೂರು ಬರೆಯುವ ದಿನದ್ದಲ್ಲ. ದಿನ ಮೊದಲು, ತಿಂಗಳು ಆಮೇಲೆ. ಭಾಳ ಜನ ತಪ್ಪುವುದು ಇಲ್ಲೇ. ಟ್ರಾಯ್ ಡಿಎನ್‌ಡಿ ಆ್ಯಪ್‌ನಲ್ಲೂ ಕೊಡಬಹುದು. ಅಲ್ಲೂ ಸಿಮ್ ಯಾವುದು ಅಂತ ನೋಡಿಕೊಳ್ಳಿ.

ಹುಮನಾಬಾದ್ ತಮ್ಮಾ, ಬೇಜಾರಾಗಬೇಡ. ನೀನು ಹೇಳಿದ್ದು ಅರ್ಧ ಸರಿ. ಡಿಎನ್‌ಡಿ ಇಲ್ಲದೆ ದೂರು ನಡೆಯಲ್ಲ ಅನ್ನುವುದು ಹಳೇ ಮಾತು. ಹೀಗೆ ಮಾಮೂಲಿ ನಂಬರಿನಿಂದ ವ್ಯಾಪಾರದ ಕರೆ ಮಾಡುವವರ ಮೇಲೆ ಈಗ ಡಿಎನ್‌ಡಿ ಇಲ್ಲದವರೂ ದೂರು ಕೊಡಬಹುದು. ಮತ್ತೆ ಡಿಎನ್‌ಡಿಯಿಂದ ಓಟಿಪಿ ನಿಲ್ಲುವುದಿಲ್ಲ. ಮೆಸೇಜ್ ಕಳಿಸಿದವರ ಹೆಸರಿನ ಕೊನೆಗೆ ಈಗ ಒಂದು ಅಕ್ಷರ ಬರುತ್ತದೆ ನೋಡು. `-P` ಇದ್ದರೆ ಜಾಹೀರಾತು, `-S` ಸೇವೆ, `-T` ವಹಿವಾಟು, `-G` ಸರ್ಕಾರದ್ದು. ಓಟಿಪಿ `-T`ಯಲ್ಲಿ ಬರುತ್ತದೆ. `START 0` ತಡೆಯುವುದು ಜಾಹೀರಾತನ್ನು.

ಮೊಬೈಲ್ ಡಾಕ್ಟರ್, ಹುಮನಾಬಾದ್ · ಗುರುವಾರ ರಾತ್ರಿ

ಕಾಕಾ, ನನ್ನ ಅಂಗಡಿಗೆ ಒಬ್ಬರು ಓಟಿಪಿ ಬರ್ತಿಲ್ಲ ಅಂತ ಬಂದಿದ್ದರು. ಡಿಎನ್‌ಡಿ ತೆಗೆಸಿದೆ, ಬಂತು. ಕಣ್ಣಾರೆ ನೋಡಿದ್ದೀನಿ.

ಹಳೇ ಲೈನ್‌ಮನ್, ಬೀದರ್ · ಗುರುವಾರ ರಾತ್ರಿ

ಫೋನ್ ಆಫ್ ಮಾಡಿ ಆನ್ ಮಾಡಿದೆಯಾ ಆಗ? ಅದರಿಂದಲೂ ಬಂದಿರಬಹುದು. ಮೆಸೇಜ್ ಆ್ಯಪಿನ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿತ್ತಾ ಅಂತ ನೋಡಿದೆಯಾ? ಆ ಗಿರಾಕಿಯ ಫೋನ್ ನಾನು ನೋಡಿಲ್ಲ, ಹಟ ಮಾಡಲ್ಲ.

ಶಾಲೆ ಮೇಡಂ, ಶಹಾಪುರ · ಶುಕ್ರವಾರ ಬೆಳಿಗ್ಗೆ

ನನ್ನದು ಉಲ್ಟಾ ಕಥೆ. ಇಲ್ಲಿ ಕೇಳಬಹುದಾ ಗೊತ್ತಿಲ್ಲ. ನಾನು ಯಾರಿಗೂ ಸ್ಪ್ಯಾಮ್ ಮಾಡಿಲ್ಲ, ನಾನೇ ಸ್ಪ್ಯಾಮ್ ಆಗಿದ್ದೀನಿ. ಜೂನಿನಲ್ಲಿ ಹೊಸ ಸಿಮ್ ತೆಗೆದುಕೊಂಡೆ. ಮಕ್ಕಳ ಪಾಲಕರಿಗೆ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ. ಕೊನೆಗೆ ಒಬ್ಬ ಹುಡುಗನ ತಾಯಿ ಹೇಳಿದರು, ‘ಮೇಡಂ, ನಿಮ್ಮ ಹೆಸರು ಕೆಂಪು ಬಣ್ಣದಲ್ಲಿ ಲೋನ್ ರಿಕವರಿ ಅಂತ ಬರ್ತದ್ರೀ’ ಅಂತ. ಪಾಪ, ಅವರಿಗೆ ಟ್ರ್ಯಾಕ್ಟರ್ ಸಾಲ ಇತ್ತಂತೆ. ಹೆದರಿ ಫೋನ್ ಒಳಗಿಟ್ಟಿದ್ದರಂತೆ.

ಮೊಬೈಲ್ ಡಾಕ್ಟರ್, ಹುಮನಾಬಾದ್ · ಶುಕ್ರವಾರ ಬೆಳಿಗ್ಗೆ

ಮೇಡಂ, ಇದು ನನಗೆ ಗೊತ್ತು. ದಿನಾ ಬರುವ ಕೇಸು. ನಿಮ್ಮ ನಂಬರ್ ಮೊದಲು ಬೇರೆ ಯಾರದೋ ಆಗಿತ್ತು. ಬಂದ್ ಆದ ನಂಬರನ್ನು ಕಂಪನಿಯವರು 90 ದಿನ ಕಳೆದ ಮೇಲೆ ಮತ್ತೊಬ್ಬರಿಗೆ ಕೊಡ್ತಾರೆ. ಸಿಮ್ ಹೊಸದು, ನಂಬರ್ ಹಳೇದು. ಹಿಂದಿನವನು ವಸೂಲಿ ಕೆಲಸ ಮಾಡ್ತಿದ್ದ. ಜನ ಅವನಿಗೆ ಸ್ಪ್ಯಾಮ್ ಒತ್ತಿದ್ದು ನಿಮ್ಮ ಕೊರಳಿಗೆ ಬಿದ್ದಿದೆ.

ನೀವು ಟ್ರೂಕಾಲರ್‌ನಲ್ಲಿ ಅದೇ ನಂಬರಿನಿಂದ ನಿಮ್ಮ ಹೆಸರಲ್ಲಿ ಖಾತೆ ಮಾಡಿ. ಸಪೋರ್ಟಿಗೆ ಬರೆದು, ನಂಬರಿನ ಮಾಲೀಕರು ಬದಲಾಗಿದ್ದಾರೆ, ಸ್ಪ್ಯಾಮ್ ಗುರುತು ತೆಗೆಯಿರಿ ಅಂತ ಕೇಳಿ. ಆದ ಮೇಲೂ ಕೆಲವರ ಫೋನಿನಲ್ಲಿ ಹಳೇದೇ ಕಾಣಬಹುದು. ಪಾಲಕರ ಗ್ರೂಪಿನಲ್ಲಿ ನಿಮ್ಮ ನಂಬರ್ ಸೇವ್ ಮಾಡಿಕೊಳ್ಳಿ ಅಂತ ಹಾಕಿಬಿಡಿ, ಅದೇ ಬೇಗ ಆಗುವ ಕೆಲಸ.

ಹಳೇ ಲೈನ್‌ಮನ್, ಬೀದರ್ · ಶುಕ್ರವಾರ ಬೆಳಿಗ್ಗೆ

ಶಭಾಷ್ ತಮ್ಮಾ. ಇದು ಪೂರ್ತಿ ಸರಿ.

ಒಂದೇ ಮಾತು ಸೇರಿಸ್ತೀನಿ. ಅಂಥ ಆ್ಯಪಿನಲ್ಲಿ ಬರುವ ಹೆಸರು ಜನ ಇಟ್ಟ ಹೆಸರು, ಸಿಮ್ ಯಾರ ಹೆಸರಲ್ಲಿದೆ ಅನ್ನುವುದಕ್ಕೆ ಅದು ದಾಖಲೆ ಅಲ್ಲ. ಮೇಡಂ ಒಳ್ಳೆಯವರಾಗಿದ್ದೂ ಕೆಂಪು ಬಂತು. ಹಾಗೆಯೇ ಮೋಸಗಾರ ಬ್ಯಾಂಕಿನ ಹೆಸರು ಹಾಕಿಕೊಂಡು ಬರಬಹುದು. ಸಿಮ್ ಫಾರಂನಲ್ಲಿರುವ ಹೆಸರನ್ನೇ ನೆಟ್‌ವರ್ಕ್ ತೋರಿಸಬೇಕು ಅಂತ ಟ್ರಾಯ್ 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿದೆ. ಸಿಎನ್‌ಎಪಿ ಅಂತಾರೆ ಅದಕ್ಕೆ. ಅದರಲ್ಲೂ ಒಂದು ತೊಡಕಿದೆ. ನಮ್ಮ ಕಡೆ ಅಪ್ಪನ ಹೆಸರಿನ ಸಿಮ್ ಮಗ ಬಳಸ್ತಾನೆ, ಗಂಡನ ಹೆಸರಿನದು ಹೆಂಡತಿ ಬಳಸ್ತಾಳೆ. ಆಗ ತೋರಿಸುವುದು ಯಾರ ಹೆಸರು?

ಶಾಲೆ ಮೇಡಂ, ಶಹಾಪುರ · ಶುಕ್ರವಾರ ಮಧ್ಯಾಹ್ನ

ನನ್ನ ಸಿಮ್ ನಮ್ಮ ಯಜಮಾನರ ಹೆಸರಲ್ಲಿದೆ 😀 ಅಲ್ಲಿಗೆ ಮುಗೀತು ಕಥೆ.

ಭಾಲ್ಕಿ ಪ್ರಯಾಣಿಕ · ಶುಕ್ರವಾರ ಮಧ್ಯಾಹ್ನ

ನಮ್ಮ ಮಾವನಿಗೆ ವಾಟ್ಸಾಪ್‌ನಲ್ಲಿ ಬ್ಯಾಂಕ್ ಲೋಗೋ ಇಟ್ಟುಕೊಂಡು ಕಾಲ್ ಮಾಡಿ ಕೆವೈಸಿ ಅಂದರು. 1909ಕ್ಕೆ ಎರಡು ಸಲ ಹಾಕಿದೆವು. ನಮಗೂ ದಾಖಲೆ ಇಲ್ಲ ಅಂದರು. ನಮ್ಮ ಮಾವನ ಫೋನಿನಲ್ಲಿ ಒಂದೇ ಸಿಮ್ ಇದೆ ಸರ್. ನಿಮ್ಮ ಸಿಮ್ ಥಿಯರಿ ಇಲ್ಲಿ ನಡೆಯಲ್ಲ.

ಹಳೇ ಲೈನ್‌ಮನ್, ಬೀದರ್ · ಶುಕ್ರವಾರ ಸಂಜೆ

ವಾಟ್ಸಾಪ್ ಕರೆ ಇಂಟರ್ನೆಟ್ ಮೇಲೆ ಹೋಗುತ್ತದೆ. ಟೆಲಿಕಾಂ ಕಂಪನಿಯ ಕಾಲ್ ರೆಕಾರ್ಡಿನಲ್ಲಿ ಅದು ಬರುವುದೇ ಇಲ್ಲ. ಅವರು ಎಲ್ಲಿಂದ ಹುಡುಕಿಯಾರು? ಅದಕ್ಕೆ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಚಕ್ಷು ಅಂತ ಇದೆ. ಬ್ಯಾಂಕ್, ಕೆವೈಸಿ ಅಂತ ನಟಿಸುವವರ ಕರೆ, ಮೆಸೇಜ್, ವಾಟ್ಸಾಪ್ ಮೂರೂ ಅಲ್ಲಿ ಹಾಕಬಹುದು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಹಾಕಿ. 30 ದಿನದ ಒಳಗಿನದಾಗಿರಬೇಕು.

ದುಡ್ಡು ಹೋಗಿದೆಯಾ? ಹೋಗಿದ್ದರೆ ಚಕ್ಷು ಅಲ್ಲ, ಈಗಲೇ 1930ಕ್ಕೆ ಫೋನ್ ಮಾಡಿ. ಇಲ್ಲಿ ಟೈಪ್ ಮಾಡುತ್ತಾ ಕೂರಬೇಡಿ.

ಭಾಲ್ಕಿ ಪ್ರಯಾಣಿಕ · ಶುಕ್ರವಾರ ಸಂಜೆ

ದುಡ್ಡು ಹೋಗಿಲ್ಲ. ಮಾವ ಬ್ಯಾಂಕಿಗೇ ನಡೆದುಕೊಂಡು ಹೋಗಿ ಕೇಳಿದರು. ಅವರಿಗೆ ಫೋನಿನ ಮೇಲೆ ನಂಬಿಕೆ ಇಲ್ಲ, ಕಾಲಿನ ಮೇಲೆ ಇದೆ.

ಗಂಜ್ ಅಡತಿ, ಕಲಬುರಗಿ · ಶನಿವಾರ ಬೆಳಿಗ್ಗೆ

ಹೊಸ ದೂರು ಒಳಗೆ ಹೋಯಿತು. ಈ ಸಲ ಮುಚ್ಚಿಲ್ಲ, ಮುಂದಕ್ಕೆ ಕಳಿಸಿದ್ದೇವೆ ಅಂತ ಮೆಸೇಜ್ ಬಂದಿದೆ. ಆದರೆ ನಿನ್ನೆ ಸಂಜೆ ಅದೇ ನಂಬರಿನಿಂದ ಮತ್ತೆ ಕರೆ! ದಿನಾ ಒಂದೊಂದು ದೂರು ಹಾಕ್ತಾ ಹೋದರೆ ಬೇಗ ಬಂದ್ ಆಗುತ್ತಾ?

ಹಳೇ ಲೈನ್‌ಮನ್, ಬೀದರ್ · ಶನಿವಾರ ಬೆಳಿಗ್ಗೆ

ಇಲ್ಲ. ನೀವೊಬ್ಬರೇ ಹತ್ತು ದೂರು ಕೊಟ್ಟರೂ ಲೆಕ್ಕಕ್ಕೆ ಒಬ್ಬರೇ. ಹತ್ತು ದಿನದ ಒಳಗೆ ಬೇರೆ ಬೇರೆ ಐದು ಜನ ದೂರಿದರೆ ಅವನ ಕಂಪನಿ ಕ್ರಮಕ್ಕೆ ಇಳಿಯಬೇಕು. ಮೊದಲು ಏಳು ದಿನದಲ್ಲಿ ಹತ್ತು ಜನ ಬೇಕಿತ್ತು. ಸಣ್ಣ ಊರಿನಲ್ಲಿ ಅಷ್ಟು ಜನ ಸೇರುತ್ತಲೇ ಇರಲಿಲ್ಲ. ಹಾಗಾಗಿ ಅಂಥವರು ಆರಾಮಾಗಿ ಇರ್ತಿದ್ದರು.

ಅವನು ಬೋರ್ಡ್ ನೋಡಿ ಫೋನ್ ಮಾಡ್ತಿದ್ದರೆ ನಿಮ್ಮ ಅಕ್ಕಪಕ್ಕದ ಅಂಗಡಿಗೂ ಮಾಡಿರಬೇಕಲ್ಲ. ಕೇಳಿ ನೋಡಿ.

ಗಂಜ್ ಅಡತಿ, ಕಲಬುರಗಿ · ಶನಿವಾರ ರಾತ್ರಿ

ಕೇಳಿದೆ. ನಮ್ಮ ಸಾಲಿನಲ್ಲಿ ಅವನ ಫೋನ್ ಬರದ ಅಂಗಡಿಯೇ ಇಲ್ಲ! ಹಮಾಲರ ಮುಖಂಡನಿಗೂ ಪ್ಲಾಟ್ ಬೇಕಾ ಅಂತ ಕೇಳಿದ್ದಾನೆ. ಮಧ್ಯಾಹ್ನ ವ್ಯಾಪಾರ ಮುಗಿದ ಮೇಲೆ ಚಹಾ ಕುಡಿಯುತ್ತಾ ಒಬ್ಬೊಬ್ಬರ ಫೋನ್ ತೆಗೆದುಕೊಂಡು ಕೂತೆ. ಎಂಟು ಜನರ ಲಾಗಿನಲ್ಲಿ ಆ ನಂಬರ್ ಇತ್ತು. ಇಬ್ಬರದು ಏಳು ದಿನ ದಾಟಿತ್ತು, ಬಿಟ್ಟೆ. ಈ ಎಂಟು ಜನರಲ್ಲದೆ ಇನ್ನೊಬ್ಬರು ಲಾಗ್ ಅಳಿಸಿಬಿಟ್ಟಿದ್ದರು, ತಾರೀಖು ನೆನಪಿಲ್ಲ ಅಂದರು, ಅವರನ್ನೂ ಬಿಟ್ಟೆ. ಉಳಿದ ಆರು ಜನರದು ಅವರವರ ಫೋನಿನಿಂದಲೇ, ಕರೆ ಬಂದ ಸಿಮ್ ನೋಡಿ, ಅವರವರ ತಾರೀಖು ಹಾಕಿ ಕಳಿಸಿದೆ. ನನ್ನದು ಸೇರಿ ಏಳು. ಇಬ್ಬರು ‘ನಮ್ಮ ಹೆಸರು ಅವನಿಗೆ ಗೊತ್ತಾಗುತ್ತಾ’ ಅಂತ ಹೆದರಿದರು. ಸಮಾಧಾನ ಹೇಳಿದೆ, ಆದರೆ ನನಗೂ ಖಾತ್ರಿ ಇಲ್ಲ.

ಕೋಚಿಂಗ್ ಬಿಟ್ಟವನು, ಕಲಬುರಗಿ · ಭಾನುವಾರ

ಬೈಬೇಡಿ, ಆ ಕಡೆಯವನು ನಾನು. ಪ್ಲಾಟ್ ಅಲ್ಲ, ಒಂದು ಕೋಚಿಂಗ್ ಕ್ಲಾಸಿಗೆ ಕೆಲಸ ಮಾಡ್ತಿದ್ದೆ. ಪಿಯುಸಿ ಮಕ್ಕಳ ನಂಬರಿನ ಪಟ್ಟಿ ಕೊಟ್ಟು ದಿನಕ್ಕೆ ಇಷ್ಟು ಕರೆ ಮಾಡು ಅಂದರು. ಸಿಮ್ ಅವರು ಕೊಡಲಿಲ್ಲ. ನನ್ನ ಸಿಮ್, ನನ್ನ ರೀಚಾರ್ಜ್. ಒಂದು ತಿಂಗಳಿಗೆ ನನ್ನ ಹೊರಹೋಗುವ ಕರೆ ಬಂದ್ ಆಯಿತು. ಆ ಸಿಮ್ ಮಾತ್ರ ಅಲ್ಲ, ಬೇರೆ ಕಂಪನಿಯ ನನ್ನ ಇನ್ನೊಂದು ಸಿಮ್ ಕೂಡ. ಅವ್ವ ಆಸ್ಪತ್ರೆಯಲ್ಲಿದ್ದಳು, ಅವಳಿಗೆ ಫೋನ್ ಮಾಡಲು ಆಗಲಿಲ್ಲ. ಅವಳೇ ಮಾಡಿದರೆ ಬರ್ತಿತ್ತು. 15 ದಿನ ಹಾಗೆ ಕಳೆದೆ. ಕ್ಲಾಸಿನವರು ಬೇರೆ ಹುಡುಗನನ್ನು ತಗೊಂಡರು, ಅಷ್ಟೇ.

ನಿಮ್ಮ ಪ್ಲಾಟಿನವನೂ ನನ್ನಂಥವನೇ ಇರಬಹುದು.

ಹಳೇ ಲೈನ್‌ಮನ್, ಬೀದರ್ · ಭಾನುವಾರ

ಈ ಹುಡುಗ ಹೇಳಿದ್ದು ನಿಯಮದಲ್ಲೇ ಇದೆ. ಮೊದಲ ಸಲ ತಪ್ಪು ಸಾಬೀತಾದರೆ ಅವನ ಹೆಸರಿನ ಎಲ್ಲ ಸಂಪರ್ಕಗಳ ಹೊರಹೋಗುವ ಸೇವೆ 15 ದಿನ ಬಂದ್. ಮತ್ತೆ ಮಾಡಿದರೆ ಒಂದು ವರ್ಷ ಎಲ್ಲಾ ಸಂಪರ್ಕ ಕಡಿತ. ತಮ್ಮಾ, ಇನ್ನೊಂದು ಸಲ ಯಾರಾದರೂ ನಿನ್ನ ಸಿಮ್ಮಿನಿಂದ ಮಾಡು ಅಂದರೆ ಒಪ್ಪಬೇಡ. ಸರಿಯಾಗಿ ನೋಂದಾಯಿಸಿಕೊಂಡು 140 ಸರಣಿಯ ನಂಬರ್ ತೆಗೆದುಕೊಳ್ಳುವುದು ವ್ಯಾಪಾರ ಮಾಡುವವರ ಕೆಲಸ. ಅವರಿಗೆ ಅದು ಯಾಕೆ ಬೇಡ ಅಂದರೆ, 140ರಿಂದ ಮಾಡಿದ ಕರೆ ಡಿಎನ್‌ಡಿ ಪಟ್ಟಿ ದಾಟಿ ಹೋಗಬೇಕು. `START 0` ಹಾಕಿದವರಿಗೆ ಹೋಗುವುದಿಲ್ಲ. ನಿನ್ನಂಥ ಹುಡುಗನ ಸಿಮ್ ಆದರೆ ಯಾವ ಪಟ್ಟಿಯನ್ನೂ ನೋಡಬೇಕಿಲ್ಲ. ಅದಕ್ಕೇ ಅಡತಿಯವರು ಡಿಎನ್‌ಡಿ ಹಾಕಿಸಿದ್ದರೂ ಬಿಟ್ಟಿದ್ದರೂ ಈ ಪ್ಲಾಟಿನ ಕರೆ ಬರ್ತಿತ್ತು. ಅದು ಬಾಗಿಲಿಗೆ ಹಾಕುವ ಚಿಲಕ. ಇವರು ಕಾಂಪೌಂಡ್ ಹಾರಿ ಬರುವವರು.

ಮೊಬೈಲ್ ಡಾಕ್ಟರ್, ಹುಮನಾಬಾದ್ · ಭಾನುವಾರ

ಹಂಗಾದ್ರೆ ಕಾಕಾ, ಅಮಾಯಕ ಹುಡುಗನ ಎರಡೂ ಸಿಮ್ ಬಂದ್, ಪಟ್ಟಿ ಕೊಟ್ಟ ಮಾಲೀಕನಿಗೆ ಏನೂ ಇಲ್ಲ. ಇದು ನ್ಯಾಯಾನಾ?

ಹಳೇ ಲೈನ್‌ಮನ್, ಬೀದರ್ · ಭಾನುವಾರ

ದೂರಿನಲ್ಲಿ ಬರೆಯುವ ಎರಡು ಮಾತಿಗೆ ಬೆಲೆ ಇರುವುದು ಇಲ್ಲೇ. ಬರೀ ‘ಸ್ಪ್ಯಾಮ್’ ಅಂತ ಬರೆಯಬೇಡಿ. ಯಾವ ಲೇಔಟ್, ಯಾವ ಕ್ಲಾಸ್ ಅಂತ ಹೇಳಿದ್ದರೆ ಅದನ್ನೇ ಬರೆಯಿರಿ. ಯಾರ ಪರವಾಗಿ ಕರೆ ಮಾಡಿದ ಅನ್ನುವುದು ಕಾಗದದ ಮೇಲೆ ಇರಲಿ. ಅದರಿಂದ ಮಾಲೀಕನವರೆಗೂ ಹೋಗುತ್ತಾರೆ ಅಂತ ನಾನು ಗ್ಯಾರಂಟಿ ಕೊಡಲ್ಲ. ನೀನು ಕೇಳಿದ್ದು ಸರಿಯಾದ ಪ್ರಶ್ನೆ.

ಗಂಜ್ ಅಡತಿ, ಕಲಬುರಗಿ · ಮುಂದಿನ ಶನಿವಾರ

ಏನಾಯ್ತು ಅಂತ ಹೇಳ್ತೀನಿ. ಬುಧವಾರದಿಂದ ಆ ನಂಬರಿನ ಕರೆ ಇಲ್ಲ, ನಮ್ಮ ಸಾಲಿನಲ್ಲಿ ಯಾರಿಗೂ ಇಲ್ಲ. ಕುತೂಹಲಕ್ಕೆ ನಾನೇ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಿದ! ‘ಬಂದ್ ಆಗಿಲ್ವಾ’ ಅಂತ ಗಾಬರಿ ಆಯಿತು. ಆಮೇಲೆ ಕೋಚಿಂಗ್ ಹುಡುಗನ ಮಾತು ನೆನಪಾಯಿತು, ಒಳಬರುವ ಕರೆ ಇರುತ್ತದೆ ಅಂತ. ಏನು ಮಾತಾಡೋದು ಗೊತ್ತಾಗದೆ ‘ರಾಂಗ್ ನಂಬರ್’ ಅಂತ ಇಟ್ಟುಬಿಟ್ಟೆ.

ನಿನ್ನೆ ಮಧ್ಯಾಹ್ನ ಬೇರೆ ನಂಬರ್, 9ರಿಂದ ಶುರು. ಹೆಣ್ಣು ದನಿ. ಆದರೆ ಅದೇ ಪ್ಲಾಟು, ಅದೇ ಲೇಔಟು. ಸಿಮ್ 1ಕ್ಕೆ ಬಂದಿದೆ, 19/12/25. ಈ ಸಲ ಲೇಔಟಿನ ಹೆಸರು ಬರೆದೇ ಕಳಿಸಿದ್ದೇನೆ. ಅಂಗಡಿಯವರೆಲ್ಲ ಸೋಮವಾರ ಮಧ್ಯಾಹ್ನ ಮತ್ತೆ ಚಹಾಕ್ಕೆ ಸೇರ್ತಾರೆ.

ಶಾಲೆ ಮೇಡಂ, ಶಹಾಪುರ · ಶನಿವಾರ

ನನ್ನ ಕೆಂಪು ಹೋಯಿತು. ಈಗ ಕೆಲವರ ಫೋನಿನಲ್ಲಿ ನನ್ನ ಹೆಸರು ಬರುತ್ತಿದೆ, ಟ್ರ್ಯಾಕ್ಟರ್ ತಾಯಿಯ ಫೋನಿನಲ್ಲಿ ಇನ್ನೂ ಲೋನ್ ರಿಕವರಿ. ಅವರು ಎತ್ತುವುದಂತೂ ಎತ್ತುತ್ತಾರೆ, ನಕ್ಕುಕೊಂಡು.